ಮೂರು ಬಾಲು, ಮೂವತ್ತು ಮಕ್ಕಳು

ಹೈಸ್ಕೂಲಿನ ಆಟದ ಪಿರಿಯಡ್ ಅಂದರೆ ಹೆಚ್ಚುಕಮ್ಮಿ 40 ನಿಮಿಷ. ಎಂಟನೇ ತರಗತಿಯ 30 ಮಕ್ಕಳು ಮೈದಾನಕ್ಕೆ ಇಳಿಯುತ್ತಾರೆ. ಪಿ.ಇ. ಮೇಷ್ಟ್ರು ಅವರನ್ನು ಸಾಲಾಗಿ ನಿಲ್ಲಿಸಿ, ತಾವು ಎದುರಿಗೆ ನಿಂತು ವಾಲಿಬಾಲ್ ಎಸೆಯುತ್ತಾರೆ. ಸಾಲಿನ ಮೊದಲ ಹುಡುಗ ಎರಡೂ ಕೈ ಜೋಡಿಸಿ ಅದನ್ನು ಎತ್ತಿ ಕಳಿಸಿ, ಓಡಿಹೋಗಿ ಸಾಲಿನ ಕೊನೆಗೆ ನಿಲ್ಲುತ್ತಾನೆ. ಒಬ್ಬೊಬ್ಬರಿಗೆ ಹತ್ತು ಸೆಕೆಂಡ್ ಅಂತ ಹಿಡಿದರೆ ಅವನ ಸರದಿ ಮತ್ತೆ ಬರುವುದಕ್ಕೆ 300 ಸೆಕೆಂಡ್, ಅಂದರೆ ಐದು ನಿಮಿಷ ಬೇಕು. ಹಾಜರಿ, ವಾರ್ಮಪ್ ಎಲ್ಲ ಕಳೆದು 25 ನಿಮಿಷ ಕೈಗೆ ಸಿಕ್ಕಿತು ಅನ್ನಿ. ಒಂದು ಮಗು ಬಾಲು ಮುಟ್ಟುವುದು ಐದು ಸಲ. ಉಳಿದಂತೆ 24 ನಿಮಿಷ ಅದು ಮುಂದಿನವರ ಬೆನ್ನು ನೋಡುತ್ತ ನಿಂತಿರುತ್ತದೆ.

ಇನ್ನೊಂದು ರೂಢಿಯೂ ಇದೆ. ನೆಟ್ ಕಟ್ಟಿ ಆರಾರು ಜನರ ಎರಡು ಟೀಮ್ ಮಾಡಿ ಆಡಿಸಿಬಿಡುವುದು. ಹನ್ನೆರಡು ಮಂದಿ ಆಡುತ್ತಾರೆ, ಹದಿನೆಂಟು ಮಂದಿ ಹೊಂಗೆ ಮರದ ಕೆಳಗೆ ಕೂರುತ್ತಾರೆ. ಆಡುವ ಹನ್ನೆರಡರಲ್ಲೂ ಬಾಲು ಹೋಗುವುದು ಆಗಲೇ ಆಟ ಬರುವ ನಾಲ್ವರ ಕೈಗೆ. ಹೀಗಾಗಿ ಆಟ ಬಾರದವರು ಕಲಿಯಬೇಕಾದ ಹೊತ್ತೆಲ್ಲ ಬರುವವರ ಪಾಲಾಗುತ್ತದೆ. ಇದನ್ನು ಮೇಷ್ಟ್ರ ತಪ್ಪು ಅನ್ನಲಾರೆ. ಶಾಲೆಯಲ್ಲಿರುವುದು ಮೂರು ಬಾಲು, ಅವರಿರುವುದು ಒಬ್ಬರೇ. ಆದರೆ ಅದೇ ಮೂರು ಬಾಲು, ಅದೇ 40 ನಿಮಿಷದಲ್ಲಿ ಮೂವತ್ತು ಮಕ್ಕಳೂ ಒಟ್ಟಿಗೆ ಕಲಿಯುವ ದಾರಿಯೊಂದಿದೆ. ಮೈದಾನವನ್ನು ಐದು ಜಾಗಗಳಾಗಿ ಹಂಚಿ, ಒಂದೊಂದು ಜಾಗದಲ್ಲಿ ಒಂದೊಂದು ಕೌಶಲ ಇಟ್ಟು, ಆರಾರು ಮಕ್ಕಳ ಗುಂಪುಗಳನ್ನು ಅವುಗಳ ಸುತ್ತ ತಿರುಗಿಸುವುದು. ಶಿಕ್ಷಕರು ಇದನ್ನು ಸ್ಟೇಷನ್ ಪದ್ಧತಿ ಎನ್ನುತ್ತಾರೆ.

ಇದರ ಬೇರು ಒಂದಕ್ಕಿಂತ ಹೆಚ್ಚು ಕಡೆ ಇದೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಮಾರ್ಗನ್ ಮತ್ತು ಆಡಮ್ಸನ್ 1953ರಲ್ಲಿ ಸರ್ಕಿಟ್ ಟ್ರೇನಿಂಗ್ ರೂಪಿಸಿದರು. ಬೇರೆ ಬೇರೆ ವ್ಯಾಯಾಮಗಳನ್ನು ಒಂದು ಸುತ್ತಿನಲ್ಲಿ ಜೋಡಿಸಿ, ಒಂದರಿಂದ ಒಂದಕ್ಕೆ ಸಾಗುವ ಕ್ರಮ ಅದು. ಅಲ್ಲಿ ಗುರಿ ಇದ್ದದ್ದು ದೇಹದ ಕಸುವು. ಮುಂದೆ 1966ರಲ್ಲಿ ಮಸ್ಕ ಮಾಸ್ಟನ್ ದೈಹಿಕ ಶಿಕ್ಷಣದ ಬೋಧನೆ ಕುರಿತು ಬರೆದ ಪುಸ್ತಕದಲ್ಲಿ, ಯಾವ ನಿರ್ಧಾರ ಶಿಕ್ಷಕರದ್ದು, ಯಾವುದನ್ನು ಮಗುವಿಗೆ ಬಿಡಬಹುದು ಎಂಬುದನ್ನೇ ಆಧಾರ ಮಾಡಿಕೊಂಡು ಬೋಧನಾ ಶೈಲಿಗಳನ್ನು ವಿಂಗಡಿಸಿದರು. ಏನು ಮಾಡಬೇಕು ಎಂಬುದನ್ನು ಶಿಕ್ಷಕರು ಹೇಳುತ್ತಾರೆ, ಯಾವಾಗ ಶುರು ಮಾಡಬೇಕು, ಎಷ್ಟು ವೇಗ, ಎಲ್ಲಿ ನಿಂತು ಎಂಬುದನ್ನು ಮಗು ನೋಡಿಕೊಳ್ಳುತ್ತದೆ. ಸ್ಟೇಷನ್ ಪದ್ಧತಿ ನಿಂತಿರುವುದು ಈ ಹಂಚಿಕೆಯ ಮೇಲೆ.

ವಾಲಿಬಾಲನ್ನೇ ಇಟ್ಟುಕೊಂಡು ಒಂದು ಪಿರಿಯಡ್ಡನ್ನು ಪೂರ್ತಿ ಬಿಡಿಸಿ ನೋಡೋಣ. ನಮ್ಮ ಹಳ್ಳಿ ಹಳ್ಳಿಯಲ್ಲೂ ಈ ಆಟ ಇದೆ, ಮಕ್ಕಳು ಸಂಜೆ ಅಣ್ಣಂದಿರು ಆಡುವುದನ್ನು ನೋಡಿರುತ್ತಾರೆ. ಬೇಕಾಗುವ ಸಾಮಾನು ಇಷ್ಟು: ಮೂರು ವಾಲಿಬಾಲ್, ಜಾತ್ರೆಯಲ್ಲಿ ಸಿಗುವ ಹಗುರ ಪ್ಲಾಸ್ಟಿಕ್ ಬಾಲು ಒಂದು, ಹಳೆಯ ಟೆನಿಸ್ ಬಾಲು ನಾಲ್ಕು, ಹಳೆ ಬಟ್ಟೆ ಉಂಡೆ ಕಟ್ಟಿ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ ಚೆಂಡು ಎರಡು, 20 ಮೀಟರ್ ಹಗ್ಗ, ಸುಣ್ಣದ ಪುಡಿ, ಚಾಕ್‌ಪೀಸು, ಟೇಪು, ಸೀಟಿ, ಐದು ರಟ್ಟಿನ ತುಂಡು. ಜೊತೆಗೆ ಕಿಟಕಿ ಇಲ್ಲದ ಒಂದು ಉದ್ದ ಗೋಡೆ. ಬಹಳ ಶಾಲೆಗಳಲ್ಲಿ ಕಟ್ಟಡದ ಹಿಂಬದಿಯ ಗೋಡೆ ಇದಕ್ಕೆ ಒದಗುತ್ತದೆ.

ಸಮಯದ ಲೆಕ್ಕ ಹೀಗೆ. ಮೊದಲ ಐದು ನಿಮಿಷ ಮೈ ಬಿಸಿ ಮಾಡುವುದಕ್ಕೂ ಅವತ್ತಿನ ಹೊಸ ವಿಷಯ ತೋರಿಸುವುದಕ್ಕೂ. ಆಮೇಲೆ ಐದು ಸ್ಟೇಷನ್, ಒಂದೊಂದಕ್ಕೂ ನಾಲ್ಕು ನಿಮಿಷ ಕೆಲಸ, ಒಂದು ನಿಮಿಷ ಜಾಗ ಬದಲಾವಣೆ. ಅಲ್ಲಿಗೆ 25 ನಿಮಿಷ. ನಂತರ ಎಂಟು ನಿಮಿಷ ಆಟ, ಕೊನೆಯ ಎರಡು ನಿಮಿಷ ಸಾಮಾನು ಎತ್ತಿಡುವುದಕ್ಕೆ, ನೀರು ಕುಡಿಯುವುದಕ್ಕೆ.

ಒಂದನೇ ಸ್ಟೇಷನ್ ಗೋಡೆಯ ಮಧ್ಯಭಾಗದ ಎದುರಿಗೆ, ಗೋಡೆಯಿಂದ ಆರೇಳು ಮೀಟರ್ ಮುಂದಕ್ಕೆ. ಇಲ್ಲಿ ಅಂಡರ್‌ಹ್ಯಾಂಡ್ ಪಾಸ್. ಮೂವರು ಈ ಕಡೆ, ಮೂವರು ಆ ಕಡೆ, ನಡುವೆ ನಾಲ್ಕು ಮೀಟರ್, ಒಂದೇ ಬಾಲು. ಈ ಕಡೆಯ ಮೊದಲನೆಯವಳು ಬಾಲನ್ನು ಎತ್ತಿ ಎದುರಿನವಳಿಗೆ ಕಳಿಸಿ, ತಾನೂ ಓಡಿ ಆ ಕಡೆಯ ಸಾಲಿನ ಹಿಂದೆ ನಿಲ್ಲುತ್ತಾಳೆ. ಎದುರಿನವಳೂ ಹಾಗೆಯೇ. ಒಂದೇ ಬಾಲಿನಲ್ಲಿ ಆರು ಮಂದಿಯೂ ಓಡಾಡುತ್ತಲೇ ಇರುತ್ತಾರೆ. ಬಾಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಎರಡು ಸೆಕೆಂಡ್ ಹಿಡಿದರೆ, ಪ್ರತಿ ಮಗುವಿಗೂ ಹನ್ನೆರಡು ಸೆಕೆಂಡಿಗೊಮ್ಮೆ ಸರದಿ. ಕೆಳಗೆ ಬಿದ್ದ ಬಾಲು ಹೆಕ್ಕುವುದರಲ್ಲಿ ಅರ್ಧ ಹೊತ್ತು ಹೋದರೂ ನಾಲ್ಕು ನಿಮಿಷದಲ್ಲಿ ಹತ್ತು ಸಲ ಬಾಲು ಕೈಗೆ ಸಿಗುತ್ತದೆ. ಸಾಲಿನಲ್ಲಿ ನಿಂತು ಇಡೀ ಪಿರಿಯಡ್ಡಿನಲ್ಲಿ ಸಿಗುತ್ತಿದ್ದುದರ ಎರಡರಷ್ಟು ಒಂದೇ ಸ್ಟೇಷನ್ನಿನಲ್ಲಿ ಆಯಿತು.

ಎರಡನೆಯದು ಗೋಡೆಯ ಎಡತುದಿಯಲ್ಲಿ. ಬಾಲೇ ಇಲ್ಲ, ಬರೀ ಎಗರುವುದು. ಬೆರಳ ತುದಿಗೆ ಚಾಕ್ ಪುಡಿ ಹಚ್ಚಿಕೊಂಡು ಗೋಡೆಗೆ ಪಕ್ಕ ಕೊಟ್ಟು ನಿಂತು, ಅಂಗಾಲು ನೆಲಕ್ಕೆ ಊರಿ ಕೈ ಎಷ್ಟು ಮೇಲೆ ನಿಲುಕುತ್ತದೋ ಅಲ್ಲೊಂದು ಗುರುತು. ಆಮೇಲೆ ನಿಂತಲ್ಲಿಂದಲೇ ಎಗರಿ ಇನ್ನೊಂದು ಗುರುತು. ಎರಡರ ನಡುವಿನ ಅಂತರವೇ ಅವರ ಜಿಗಿತ. ಮೂರು ಜೋಡಿಗಳು ಒಂದೂವರೆ ಮೀಟರ್ ದೂರ ದೂರ ನಿಲ್ಲುತ್ತವೆ. ಒಬ್ಬ ಎಗರಿದರೆ ಇನ್ನೊಬ್ಬ ಟೇಪು ಹಿಡಿದು ಅಳೆದು ಬರೆದುಕೊಳ್ಳುತ್ತಾನೆ. ಮೂರು ಸಲ ಎಗರಿ ಒಳ್ಳೆಯದನ್ನು ಬರೆದರೆ ಸಾಕು. ಉಳಿದ ಹೊತ್ತಿನಲ್ಲಿ ಗೋಡೆಯುದ್ದಕ್ಕೂ ಪಕ್ಕಕ್ಕೆ ಹೆಜ್ಜೆ ಇಟ್ಟು, ನಿಂತು, ಎರಡೂ ಕೈ ಎತ್ತಿ ಎಗರುವ ಬ್ಲಾಕ್ ಅಭ್ಯಾಸ.

ಮೂರನೆಯದು ಮೈದಾನದ ಒಳಕ್ಕೆ, ಬೆರಳಿನ ಲಿಫ್ಟ್. ಮೂರು ಮೂರು ಜನರ ಎರಡು ತ್ರಿಕೋನ. ಒಂದಕ್ಕೆ ವಾಲಿಬಾಲ್, ಇನ್ನೊಂದಕ್ಕೆ ಜಾತ್ರೆ ಬಾಲು. ಎರಡು ನಿಮಿಷಕ್ಕೆ ಅದಲುಬದಲು. ಪ್ಲಾಸ್ಟಿಕ್ ಬಾಲನ್ನು ದುಡ್ಡು ಉಳಿಸುವುದಕ್ಕೆಂದು ಮಾತ್ರ ಇಟ್ಟಿದ್ದಲ್ಲ. ಅದು ನಿಧಾನಕ್ಕೆ ಇಳಿಯುವುದರಿಂದ ಹಣೆಯ ಮೇಲೆ ಬೆರಳುಗಳ ಕಿಟಕಿ ಮಾಡಿಕೊಳ್ಳಲು, ಬಾಲಿನ ಕೆಳಗೆ ಕಾಲು ತಂದು ನಿಲ್ಲಿಸಲು ಮಗುವಿಗೆ ಹೊತ್ತು ಸಿಗುತ್ತದೆ. ಬೆರಳಿಗೆ ಏಟು ಬೀಳುತ್ತದೆಂಬ ಅಂಜಿಕೆಯೂ ಇರುವುದಿಲ್ಲ. ಈ ಅಂಜಿಕೆ ಇರುವ ಮಗು ಬಾಲು ಬರುತ್ತಿದ್ದಂತೆ ಕಣ್ಣು ಮುಚ್ಚುತ್ತದೆ, ಕಣ್ಣು ಮುಚ್ಚಿದ ಮೇಲೆ ಯಾವ ಪಾಠವೂ ತಲೆಗೆ ಹೋಗುವುದಿಲ್ಲ.

ನಾಲ್ಕನೆಯದು ಹಗ್ಗದ ಹತ್ತಿರ, ಶೂಟ್ ಹೊಡೆಯುವವರ ಓಟ. ಹೆಂಗಸರ ನೆಟ್ 2.24 ಮೀಟರ್ ಎತ್ತರಕ್ಕಿದ್ದರೂ ಇಲ್ಲಿ ಹಗ್ಗ ಎರಡು ಮೀಟರಿಗೆ ಇರಲಿ. ನೆಲದ ಮೇಲೆ ಸುಣ್ಣದಲ್ಲಿ ಮೂರು ಹೆಜ್ಜೆ ಗುರುತು: ಎಡ, ಬಲ, ಎಡ. ಮೊದಲ ಹೆಜ್ಜೆ ನಿಧಾನ, ಕೊನೆಯ ಎರಡು ಚುರುಕು. ಎಡಗೈ ಮಕ್ಕಳಿಗೆ ಪಕ್ಕದಲ್ಲೇ ತಿರುಗುಮುರುಗಾದ ಇನ್ನೊಂದು ಸಾಲು. ಓಡಿಬಂದು ಎಗರಿ, ಮೇಲಿರುವಾಗಲೇ ಬಟ್ಟೆ ಚೆಂಡನ್ನು ಹಗ್ಗದ ಮೇಲಿಂದ ಆ ಕಡೆಯ ನೆಲಕ್ಕೆ ಬಡಿಯುವುದು. ಕೈ ತಲೆಯ ಮೇಲಿಂದ ಬೀಸುವ ರೀತಿ ಶೂಟ್ ಹೊಡೆಯುವುದಕ್ಕೆ ತೀರ ಹತ್ತಿರದ್ದು. ಆದರೆ ಮೇಲಿಂದ ಬೀಳುವ ಬಾಲಿಗೆ ಹೊತ್ತು ಹೊಂದಿಸುವ ಕಷ್ಟ ಸದ್ಯಕ್ಕೆ ಇರುವುದಿಲ್ಲ.

ಐದನೆಯದು ಗೋಡೆಯ ಬಲತುದಿ, ಅಂಡರ್‌ಹ್ಯಾಂಡ್ ಸರ್ವಿಸ್. ಗೋಡೆಯ ಮೇಲೆ 2.24 ಮೀಟರ್ ಎತ್ತರಕ್ಕೆ ಚಾಕ್‌ಪೀಸಿನ ಗೆರೆ, ಐದು ಮೀಟರ್ ಹಿಂದೆ ಸುಣ್ಣದ ಗೆರೆ. ಬಾಲು ಮೇಲಿನ ಗೆರೆಗಿಂತ ಮೇಲೆ ತಾಗಬೇಕು. ಇಲ್ಲಿಯೂ ಮೂರು ಜೋಡಿ, ಬಾಲು ಒಂದು. 80 ಸೆಕೆಂಡ್ ಒಂದು ಜೋಡಿ ವಾಲಿಬಾಲಿನಿಂದ ಸರ್ವಿಸ್ ಮಾಡುತ್ತದೆ. ಉಳಿದ ಎರಡು ಜೋಡಿ ಅದೇ ಗೆರೆಗೆ ಟೆನಿಸ್ ಬಾಲನ್ನು ಕೆಳಗೈಯಿಂದ ಎಸೆಯುತ್ತವೆ. ಕೈ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವುದು, ಅದರ ಜೊತೆ ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ಬರುವುದು, ಇವೆರಡೂ ಸರ್ವಿಸ್ ಮತ್ತು ಎಸೆತಕ್ಕೆ ಸಮಾನ. ಆದ್ದರಿಂದ ಬಾಲು ಕೈಯಲ್ಲಿಲ್ಲದ ಹೊತ್ತೂ ವ್ಯರ್ಥವಾಗುವುದಿಲ್ಲ.

ಬಾಲು ಮುಟ್ಟುವುದನ್ನಷ್ಟೇ ಕೂಡಿದರೆ ಒಂದನೆಯದರಲ್ಲಿ ಹತ್ತು, ಮೂರನೆಯದರಲ್ಲಿ ಇಪ್ಪತ್ತು, ಐದನೆಯದರಲ್ಲಿ ಐದು, ಒಟ್ಟು 35ರ ಆಸುಪಾಸು. ಎಗರಿದ್ದು, ಎಸೆದದ್ದು, ಓಡಿದ್ದು ಬೇರೆ.

ಸ್ಟೇಷನ್ನುಗಳ ಈ ಅನುಕ್ರಮ ಮನಬಂದಂತೆ ಇಟ್ಟದ್ದಲ್ಲ. ಎಗರುವ ಕೆಲಸ ಎರಡು ಕಡೆ ಇದೆ, ಎರಡನೆಯದು ಮತ್ತು ನಾಲ್ಕನೆಯದು. ಅವುಗಳ ನಡುವೆ ಕೈಬೆರಳಿನ ಕೆಲಸ ಬರುತ್ತದೆ. ಎಲ್ಲಿಂದ ಶುರು ಮಾಡಿದರೂ ಯಾವ ಗುಂಪಿಗೂ ಎಗರುವ ಸರದಿ ಒಂದರ ಹಿಂದೊಂದು ಬರುವುದಿಲ್ಲ. ದಣಿದ ಕಾಲಿನಲ್ಲಿ ಎಗರಿ ಇಳಿಯುವಾಗಲೇ ಹಿಮ್ಮಡಿ ತಿರುಚುವುದು, ಮಂಡಿ ಒಳಕ್ಕೆ ಬಾಗುವುದು ಹೆಚ್ಚು. ಮೂರು ಸ್ಟೇಷನ್ನು ಗೋಡೆಯ ಬದಿಗೆ, ಎರಡು ಮೈದಾನದ ಒಳಕ್ಕೆ ಇರುವುದಕ್ಕೂ ಕಾರಣವಿದೆ, ಅದಕ್ಕೆ ಈಗ ಬರುತ್ತೇನೆ.

ಸ್ಟೇಷನ್ ಪಾಠ ಕೆಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಐದೂ ಸ್ಟೇಷನ್ನಿನಲ್ಲಿ ಹೊಸದನ್ನೇ ಇಡುವುದು. ಮೇಷ್ಟ್ರು ಐದೂ ಕೆಲಸಗಳನ್ನು ಮೊದಲೇ ಮಾಡಿ ತೋರಿಸುತ್ತಾರೆ. ಅದಕ್ಕೇ ಹದಿನೈದು ನಿಮಿಷ ಹೋಗುತ್ತದೆ. ಅಷ್ಟರಲ್ಲಿ ಮೊದಲು ತೋರಿಸಿದ್ದು ಮರೆತುಹೋಗಿರುತ್ತದೆ. ಸೀಟಿ ಊದಿದ ಮೇಲೆ ಐದೂ ಕಡೆಯಿಂದ "ಸರ್, ಇಲ್ಲೇನ್ ಮಾಡ್ಬೇಕು ಸರ್?" ಎಂಬ ಕೂಗು. ಒಬ್ಬರೇ ಮೇಷ್ಟ್ರು ಐದು ಕಡೆ ಓಡಬೇಕು, ಯಾವ ಕಡೆಯೂ ಪಾಠ ಆಗುವುದಿಲ್ಲ. ಆದ್ದರಿಂದ ನಿಯಮ ಇದು: ಐದರಲ್ಲಿ ನಾಲ್ಕು ಮಕ್ಕಳಿಗೆ ಆಗಲೇ ಗೊತ್ತಿರುವ ಕೆಲಸ, ಹೊಸದು ಒಂದೇ. ಹೊಸದು ಎಲ್ಲಿದೆಯೋ ಮೇಷ್ಟ್ರು ಅಲ್ಲಿಯೇ ನಿಲ್ಲಬೇಕು. ಐದು ನಿಮಿಷಕ್ಕೊಮ್ಮೆ ಹೊಸ ಆರು ಮಕ್ಕಳು ಅವರ ಮುಂದೆ ಬರುತ್ತಾರೆ. ಮೂವತ್ತು ಮಕ್ಕಳ ತರಗತಿಯನ್ನು ಆರಾರು ಮಕ್ಕಳ ಐದು ತರಗತಿಯಾಗಿ ಮಾಡಿಕೊಂಡಂತಾಯಿತು. ನನ್ನ ಮಟ್ಟಿಗೆ ಸ್ಟೇಷನ್ ಪದ್ಧತಿಯ ದೊಡ್ಡ ಲಾಭ ಬಾಲಿನ ಲೆಕ್ಕಕ್ಕಿಂತ ಇದೇ.

ನಮ್ಮ ಪಾಠದಲ್ಲಿ ಹೊಸದು ಅಂಡರ್‌ಹ್ಯಾಂಡ್ ಪಾಸ್, ಅಂದರೆ ಒಂದನೇ ಸ್ಟೇಷನ್. ಮೇಷ್ಟ್ರು ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಎದುರಿಗೆ ಪಾಸ್ ಮಾಡುವ ಆರು ಮಕ್ಕಳು, ಅವರಾಚೆ ಮೂರು ಮತ್ತು ನಾಲ್ಕನೇ ಸ್ಟೇಷನ್, ಕೊರಳು ಎಡಕ್ಕೆ ಬಲಕ್ಕೆ ಹೊರಳಿಸಿದರೆ ಗೋಡೆಯ ಎರಡು ತುದಿ. ಯಾವ ಗುಂಪೂ ಅವರ ಬೆನ್ನ ಹಿಂದೆ ಇಲ್ಲ. ಮೈದಾನದ ನಟ್ಟನಡುವೆ ನಿಲ್ಲುವ ಶಿಕ್ಷಕರಿಗೆ ಯಾವಾಗಲೂ ಅರ್ಧ ತರಗತಿ ಕಾಣಿಸುವುದಿಲ್ಲ. ಗಲಾಟೆಯೂ ಪೆಟ್ಟೂ ಆ ಕಾಣದ ಅರ್ಧದಲ್ಲೇ ಆಗುತ್ತದೆ.

ಹೊಸ ಕೌಶಲವನ್ನು ಮೊದಲ ಐದು ನಿಮಿಷದಲ್ಲಿ ತೋರಿಸುವಾಗ ಮೂರೇ ಮಾತು ಹೇಳಬೇಕು. ಒಂದು ಅಂಗೈ ಇನ್ನೊಂದರ ಮೇಲಿಟ್ಟು ಎರಡೂ ಹೆಬ್ಬೆರಳು ಜೋಡಿಸು. ಮೊಣಕೈ ಮಡಿಸಬೇಡ. ಮಂಡಿಯಿಂದ ಎತ್ತು, ಕೈ ಬೀಸಬೇಡ. ಬಾಲು ತಾಗಬೇಕಾದದ್ದು ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಮುಂಗೈಯ ಒಳಮೈಯ ಚಪ್ಪಟೆ ಭಾಗಕ್ಕೆ. ಕಲಿಯುವ ಮಗು ಮಾಡುವ ತಪ್ಪುಗಳು ಹೆಚ್ಚಿಲ್ಲ, ಬಾಲು ಎಲ್ಲಿಗೆ ಹೋಯಿತೆಂದು ನೋಡಿದರೇ ಯಾವ ತಪ್ಪೆಂದು ಗೊತ್ತಾಗುತ್ತದೆ. ತಲೆಯ ಮೇಲಿಂದ ಹಿಂದಕ್ಕೆ ಹಾರಿದರೆ ಕೈಯನ್ನು ಭುಜಕ್ಕಿಂತ ಮೇಲಕ್ಕೆ ಬೀಸಿದೆ. ಅಡ್ಡ ಹೋದರೆ ಎರಡು ಮುಂಗೈಗಳು ಒಂದೇ ಮಟ್ಟದಲ್ಲಿಲ್ಲ. ಮುಂದೆ ಹೋಗದೆ ಅಲ್ಲೇ ಕೆಳಕ್ಕೆ ಸತ್ತು ಬಿದ್ದರೆ ಬಾಲು ಬೆರಳಿಗೆ ತಾಗಿದೆ, ಅಥವಾ ಮಂಡಿ ನೆಟ್ಟಗಿದೆ. ಗದ್ದಕ್ಕೆ ಬಡಿದರೆ ಮೊಣಕೈ ಮಡಿಚಿದೆ. ಒಂದು ಮಗುವಿಗೆ ಒಂದು ಸಲಕ್ಕೆ ಒಂದೇ ತಿದ್ದುಪಡಿ. "ಈ ಸಲ ಮಂಡಿ ಮಾತ್ರ ನೋಡ್ಕೋ ಪುಟ್ಟಾ" ಎಂದರೆ ಅದಕ್ಕೆ ಕೆಲಸ ಸಿಕ್ಕಿತು. ಮೂರು ತಪ್ಪನ್ನು ಒಟ್ಟಿಗೆ ಹೇಳಿದರೆ ಮೂರೂ ಉಳಿಯುತ್ತವೆ.

ಗಾಳಿ ಬಿಗಿಯಾಗಿ ತುಂಬಿದ ಬಾಲು ಎಳೆಯ ಮುಂಗೈಯನ್ನು ಕೆಂಪಾಗಿಸುತ್ತದೆ. ನೋವಾದ ಮಗು ಬಾಲು ತಾಗುವ ಗಳಿಗೆಯಲ್ಲಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಅಲ್ಲಿಂದ ಕೆಟ್ಟ ಅಭ್ಯಾಸ ಶುರು. ಅದಕ್ಕೆ ಈ ಸ್ಟೇಷನ್ನಿನ ಬಾಲಿಗೆ ಗಾಳಿ ಸ್ವಲ್ಪ ಕಡಿಮೆ ಇರಲಿ, ಹೆಬ್ಬೆರಳಿನಿಂದ ಒತ್ತಿದರೆ ಸುಲಭವಾಗಿ ತಗ್ಗುವಷ್ಟು.

ಉಳಿದ ನಾಲ್ಕು ಕಡೆ ಮೇಷ್ಟ್ರ ಬದಲಿಗೆ ಇರುವುದು ರಟ್ಟಿನ ಕಾರ್ಡು ಮತ್ತು ಗುಂಪಿನ ನಾಯಕಿ ಅಥವಾ ನಾಯಕ. ಕಾರ್ಡಿನಲ್ಲಿ ಕಡ್ಡಿಗೊಂಬೆಯ ಒಂದು ಚಿತ್ರ, ದಪ್ಪಕ್ಷರದಲ್ಲಿ ಮೂರು ಸಾಲು, ಅಷ್ಟೇ. ಮೂರನೇ ಸ್ಟೇಷನ್ನಿನ ಕಾರ್ಡಿನಲ್ಲಿ 'ಬಾಲಿನ ಕೆಳಗೆ ಬಾ, ಹಣೆಯ ಮೇಲೆ ಕಿಟಕಿ, ಮೊಣಕೈ ಬಿಚ್ಚಿ ತಳ್ಳು' ಎಂದಿದ್ದರೆ ಸಾಕು. ಗುಂಪು ಮಾಡುವಾಗ ಹಾಜರಿ ಪುಸ್ತಕದ ಕ್ರಮ ಹಿಡಿಯಬಾರದು, ಮಕ್ಕಳೇ ಆರಿಸಿಕೊಳ್ಳಲೂ ಬಿಡಬಾರದು. ಆಟ ಬರುವ ಒಬ್ಬರು, ಇಬ್ಬರು ಎಲ್ಲ ಗುಂಪಿನಲ್ಲೂ ಇರುವಂತೆ ಮೊದಲೇ ಬರೆದುಕೊಂಡು ಬರಬೇಕು. ಅದೇ ಗುಂಪು ಒಂದು ತಿಂಗಳು ಇರಲಿ. ದಿನಾ ಗುಂಪು ಬದಲಾಯಿಸಿದರೆ ದಿನಾ ಐದು ನಿಮಿಷ ಅದಕ್ಕೇ ಹೋಗುತ್ತದೆ. 26 ಮಕ್ಕಳಷ್ಟೇ ಬಂದ ದಿನ ಐದರ ನಾಲ್ಕು ಗುಂಪು, ಆರರದ್ದು ಒಂದು. ಓಡಲಾಗದ ಮಗುವಿದ್ದರೆ ಅದಕ್ಕೆ ಸರ್ವಿಸ್ ಗೆರೆ ಗೋಡೆಗೆ ಹತ್ತಿರ ಬರಲಿ, ಲಿಫ್ಟ್ ಕುಳಿತೇ ಮಾಡಲಿ. ಅಂಕ ಬರೆಯುವ ಕೆಲಸ ಕೊಟ್ಟು ಬದಿಗೆ ಕೂರಿಸುವುದು ಬೇಡ.

ಜಾಗ ಬದಲಾವಣೆಯ ಒಂದು ನಿಮಿಷ ನೋಡುವುದಕ್ಕೆ ಸಣ್ಣದು. ಆದರೆ ಪಾಠದ ಅಳಿವು ಉಳಿವು ಅಲ್ಲಿದೆ. ಮೊದಲ ಸೀಟಿಗೆ ಬಾಲು ನೆಲದ ಮೇಲೆ, ಕೈ ಖಾಲಿ. ಬಾಲು ಅದೇ ಸ್ಟೇಷನ್ನಿನಲ್ಲಿ ಉಳಿಯಬೇಕು, ಮಕ್ಕಳ ಜೊತೆ ಹೋಗಕೂಡದು. ಎರಡನೇ ಸೀಟಿಗೆ ಎಲ್ಲರೂ ಒಂದೇ ದಿಕ್ಕಿಗೆ ಮುಂದಿನ ಜಾಗಕ್ಕೆ. ಮೂರನೇ ಸೀಟಿಗೆ ಶುರು. ಇದನ್ನು ಬಾಲು ಕೊಡದೆಯೇ ಮೊದಲ ದಿನ ಎರಡು ಸುತ್ತು ನಡೆಸಿ ರೂಢಿ ಮಾಡಿಸಬೇಕು. ಮೊದಲ ವಾರ ಐದು ಸ್ಟೇಷನ್ನೂ ಬೇಡ. ಎರಡರಿಂದ ಶುರುಮಾಡಿ, ಆಮೇಲೆ ಮೂರು, ಹೀಗೆ ಬೆಳೆಸಿದರೆ ಪ್ರತಿ ಸಲವೂ ಹಳೆಯದು ಗೊತ್ತಿರುವುದೇ ಆಗುತ್ತದೆ, ಹೊಸದು ಒಂದೇ ಸೇರುತ್ತದೆ.

ಪೆಟ್ಟಿನ ವಿಷಯದಲ್ಲಿ ಒಂದು ಅಪಾಯವನ್ನು ಮುಖ್ಯವಾಗಿ ನೋಡಿಕೊಳ್ಳಬೇಕು. ಒಂದು ಸ್ಟೇಷನ್ನಿನ ಬಾಲು ಉರುಳಿ ಎಗರುತ್ತಿರುವವರ ಕಾಲ ಕೆಳಗೆ ಬರುವುದು. ಮೇಲಿಂದ ಇಳಿಯುವ ಪಾದ ಬಾಲಿನ ಮೇಲೆ ಬಿದ್ದರೆ ಹಿಮ್ಮಡಿ ತಿರುಚದೆ ಬಿಡುವುದಿಲ್ಲ. ಹಾಗಾಗಿ ಉರುಳಿದ ಬಾಲನ್ನು ಕಂಡವರು ಯಾರೇ ಇರಲಿ "ಬಾಲ್!" ಎಂದು ಕೂಗಬೇಕು. ಎರಡನೇ, ನಾಲ್ಕನೇ ಸ್ಟೇಷನ್ನಿನವರು ಆ ಕೂಗಿಗೆ ಅಲ್ಲಿಗೇ ನಿಲ್ಲಬೇಕು. ಬಾಲನ್ನು ಒದೆಯಬಾರದು, ಕೈಯಲ್ಲಿ ಉರುಳಿಸಿ ಕಳಿಸಬೇಕು. ಪಾಸ್ ಮಾಡುವ ಗುಂಪಿನದೇ ಹೆಚ್ಚು ಬಾಲು ತಪ್ಪಿಹೋಗುವುದು, ಅದರ ಒಂದು ಬದಿಗೆ ಗೋಡೆ ಇರುವುದರಿಂದ ಅರ್ಧ ಅಲ್ಲೇ ತಡೆಯುತ್ತದೆ. ಎಗರುವಲ್ಲಿ ಚಪ್ಪಲಿ ಬೇಡ, ನೆಲದಲ್ಲಿ ಕಲ್ಲಿರಕೂಡದು, ಹೆಣ್ಣುಮಕ್ಕಳ ವೇಲು ಸೊಂಟಕ್ಕೆ ಬಿಗಿದಿರಬೇಕು.

ಎಣಿಕೆ ಮಕ್ಕಳಿಗೆ ಹುರುಪು ಕೊಡುತ್ತದೆ, ಜೊತೆಗೆ ಕೆಲಸವನ್ನೂ ಕೆಡಿಸುತ್ತದೆ. 'ನಾಲ್ಕು ನಿಮಿಷದಲ್ಲಿ ಎಷ್ಟು ಪಾಸ್?' ಎಂದು ಕೇಳಿದರೆ ಅವರು ಅವಸರಕ್ಕೆ ಬಿದ್ದು ಹೇಗೆ ಬೇಕೋ ಹಾಗೆ ಬಡಿಯುತ್ತಾರೆ. 'ಎದುರಿನವಳು ಎರಡು ಹೆಜ್ಜೆಯೊಳಗೆ ಹಿಡಿಯಬಹುದಾದ ಪಾಸ್ ಎಷ್ಟು?' ಎಂದು ಕೇಳಿದರೆ ಅದೇ ಎಣಿಕೆ ಗುಣವನ್ನು ಕಾಯುತ್ತದೆ. ಲೆಕ್ಕ ಎದುರಿನವಳದು, ಹೊಡೆದವಳದಲ್ಲ.

ಪಾಠ ನಿಜಕ್ಕೂ ನಡೆಯುತ್ತಿದೆಯೇ ಎಂದು ತಿಳಿಯುವುದಕ್ಕೆ ಸುಲಭದ ಪರೀಕ್ಷೆ ಇದೆ. ಪ್ರತಿ ಸುತ್ತಿನ ನಡುವಿನಲ್ಲಿ ಒಮ್ಮೆ ಹತ್ತು ಸೆಕೆಂಡ್ ಮೈದಾನವನ್ನು ಎಡದಿಂದ ಬಲಕ್ಕೆ ನೋಡಿ, ಕೊಟ್ಟ ಕೆಲಸವನ್ನೇ ಮಾಡುತ್ತಿರುವ ಮಕ್ಕಳನ್ನು ಎಣಿಸುವುದು. ಓಡಾಡುತ್ತಿದ್ದರೆ ಸಾಲದು, ಆ ಕೆಲಸವೇ ಆಗಿರಬೇಕು. ಮೂವತ್ತರಲ್ಲಿ 22 ದಾಟಿದರೆ ನಾನು ಪಾಠ ಚೆನ್ನಾಗಿದೆ ಎನ್ನುತ್ತೇನೆ. ಹದಿನೈದಕ್ಕಿಂತ ಕೆಳಗಿದ್ದರೆ ಎಲ್ಲಿ ನಿಂತಿದೆ ಎಂದು ಹುಡುಕಬೇಕು. ಸಾಮಾನ್ಯವಾಗಿ ಯಾವುದೋ ಒಂದು ಸ್ಟೇಷನ್ನಿನಲ್ಲಿ ಕೆಲಸ ಎರಡೇ ನಿಮಿಷಕ್ಕೆ ಮುಗಿದಿರುತ್ತದೆ, ಇಲ್ಲವೇ ಜೋರಿನ ಹುಡುಗನೊಬ್ಬ ಬಾಲು ಹಿಡಿದುಕೊಂಡು ಉಳಿದವರು ಸುಮ್ಮನೆ ನಿಂತಿರುತ್ತಾರೆ. ಮೊದಲನೆಯದಕ್ಕೆ ಕಾರ್ಡಿನ ಹಿಂಬದಿ ಇನ್ನೊಂದು ಹಂತದ ಕೆಲಸ ಬರೆದಿಡಬೇಕು: ಸರ್ವಿಸ್ ಗೆರೆಯನ್ನು ಒಂದು ಮೀಟರ್ ಹಿಂದಕ್ಕೆ, ಹೀಗೆ. ಎರಡನೆಯದಕ್ಕೆ ಸರದಿಯ ನಿಯಮವನ್ನು ಆಟದೊಳಗೇ ಕಟ್ಟಬೇಕು. ಪಾಸ್ ಮಾಡಿ ಓಡಿಹೋಗಬೇಕೆಂಬ ಒಂದನೇ ಸ್ಟೇಷನ್ನಿನ ನಿಯಮವೇ ಅಂಥದ್ದು. ಅಲ್ಲಿ ಯಾರೂ ಬಾಲು ಹಿಡಿದಿಟ್ಟುಕೊಳ್ಳಲಾರರು.

ಒಂದು ಆಕ್ಷೇಪಣೆ ಕೇಳಿಬರುತ್ತದೆ: ನಾಲ್ಕು ನಾಲ್ಕು ನಿಮಿಷ ಐದು ಕೆಲಸ ಮಾಡುವುದಕ್ಕಿಂತ ಒಂದು ದಿನ ಒಂದನ್ನೇ ಗಟ್ಟಿಯಾಗಿ ಮಾಡಿಸಬಾರದೇ? ಈ ಪ್ರಶ್ನೆಯನ್ನು ಅಮೆರಿಕದ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಪ್ರಯೋಗಕ್ಕೆ ಒಡ್ಡಿದರು. ಕೈಚಲನೆಯ ಮೂರು ಕ್ರಮಗಳನ್ನು ಕೆಲವರಿಗೆ ಒಂದಾದ ಮೇಲೆ ಒಂದರಂತೆ ಕಲಿಸಿದರು, ಇನ್ನು ಕೆಲವರಿಗೆ ಕಲಸುಮೇಲೋಗರ ಮಾಡಿ ಕಲಿಸಿದರು. ಅಭ್ಯಾಸದ ಹೊತ್ತಿನಲ್ಲಿ ಮೊದಲನೆಯವರೇ ಮುಂದಿದ್ದರು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಎರಡನೆಯವರಲ್ಲಿ ಹೆಚ್ಚು ಉಳಿದಿತ್ತು. ಅದು ಪ್ರಯೋಗಾಲಯದ ಸರಳ ಕೆಲಸ. ಮೈದಾನದಲ್ಲಿ ಎಳೆಯ ಮಕ್ಕಳ ಮೇಲೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆಂದು ಹೇಳಲಾಗದು. ಪೂರ್ತಿ ಹೊಸದಾದ ಕೌಶಲಕ್ಕೆ ನಾಲ್ಕು ನಿಮಿಷ ಸಾಲದು ಎನ್ನುವುದು ನಿಜ. ಅದಕ್ಕೇ ಹೊಸದನ್ನು ಮೇಷ್ಟ್ರ ಮುಂದೆ ಇಟ್ಟದ್ದು, ಅದೇ ಕೌಶಲ ಮುಂದಿನ ಮೂರು ನಾಲ್ಕು ಪಿರಿಯಡ್ಡಿನಲ್ಲೂ ಬರಬೇಕಾದದ್ದು.

ಇನ್ನು ಕೊನೆಯ ಎಂಟು ನಿಮಿಷದ ಆಟ. ಇದನ್ನು ಬಿಡಲೇಬಾರದು, ಆಟವಿಲ್ಲದ ಬರೀ ಡ್ರಿಲ್ಲು ಮಕ್ಕಳಿಗೆ ಬೇಸರ. ವಾಲಿಬಾಲ್ ನೆಟ್ ಕಟ್ಟಿದರೆ ಒಂದೇ ಅಂಕಣ ಆಗುತ್ತದೆ, ಹದಿನೆಂಟು ಮಂದಿ ಮತ್ತೆ ಹೊಂಗೆ ಮರಕ್ಕೆ. ಅದಕ್ಕೇ 20 ಮೀಟರ್ ಹಗ್ಗ. ಒಂದು ಕಂಬದಿಂದ ಮರಕ್ಕೆ ಎಳೆದು ಕಟ್ಟಿ, ನಡುವೆ ಜೋತುಬೀಳದಂತೆ ಎರಡು ಕಡೆ ಬಿದಿರಿನ ಊರುಗೋಲು ಕೊಟ್ಟು, ಕಣ್ಣಿಗೆ ಕಾಣಲೆಂದು ಹಳೆ ಬಟ್ಟೆಯ ಪಟ್ಟಿಗಳನ್ನು ತೂಗುಬಿಡಬೇಕು. ಹಗ್ಗದುದ್ದಕ್ಕೂ ಐದೈದು ಮೀಟರ್ ಅಗಲದ ಮೂರು ಪುಟ್ಟ ಅಂಕಣ, ನಡುನಡುವೆ ಒಂದಿಷ್ಟು ಖಾಲಿ ಜಾಗ. ಒಂದೊಂದರಲ್ಲೂ ಈ ಕಡೆ ಐವರು, ಆ ಕಡೆ ಐವರು, ಒಂದು ಬಾಲು. ಮೂರು ಅಂಕಣ, ಮೂರು ಬಾಲು, ಮೂವತ್ತು ಮಕ್ಕಳು. ಬದಿಗೆ ಕೂರುವವರು ಯಾರೂ ಇಲ್ಲ. ಶುರು ಮಾಡುವುದು ಕೆಳಗೈ ಸರ್ವಿಸ್‌ನಿಂದ, ಪ್ರತಿ ಕಡೆಗೂ ಒಮ್ಮೆ ಬಾಲು ಹಿಡಿಯಲು ಅವಕಾಶ. ಒಂದಾದರೂ ಅಂಡರ್‌ಹ್ಯಾಂಡ್ ಪಾಸ್ ಮಾಡಿ ದಾಟಿಸಿದರೆ ಎರಡು ಪಾಯಿಂಟ್. ಅವತ್ತು ಕಲಿತದ್ದನ್ನು ಆಟದಲ್ಲಿ ಬಳಸುವ ಆಸೆ ಹುಟ್ಟುವುದಕ್ಕೆ ಆ ಎರಡು ಪಾಯಿಂಟ್ ಸಾಕು.

ತರಗತಿಯಲ್ಲಿ 50 ಮಕ್ಕಳಿದ್ದರೆ ಒಂದೊಂದು ಸ್ಟೇಷನ್ನಿಗೆ ಹತ್ತು ಜನರನ್ನು ತುಂಬಬಾರದು, ಹಾಗೆ ಮಾಡಿದರೆ ಮತ್ತೆ ಸಾಲೇ ಆಗುತ್ತದೆ. ಬಾಲು ಬೇಡದ ಸ್ಟೇಷನ್ನುಗಳನ್ನು ಹೆಚ್ಚಿಸಬೇಕು: ಹಗ್ಗ ಜಿಗಿತ, ಬಟ್ಟೆ ಚೆಂಡಿನ ಗುರಿ ಎಸೆತ, ಹೆಜ್ಜೆ ಅಭ್ಯಾಸ. ಎಂಟು ಸ್ಟೇಷನ್ ಆದಾಗ ಒಂದೇ ಪಿರಿಯಡ್ಡಿನಲ್ಲಿ ಸುತ್ತು ಮುಗಿಯದು. ನಾಲ್ಕು ಇವತ್ತು, ನಾಲ್ಕು ಮುಂದಿನ ಪಿರಿಯಡ್ಡಿಗೆ. ಮೇಷ್ಟ್ರ ಬಳಿಯ ಹೊಸ ಕೌಶಲ ಆಗ ಎಲ್ಲರಿಗೂ ಒಂದೇ ದಿನ ಸಿಗುವುದಿಲ್ಲ ಎಂಬ ಕೊರತೆ ಉಳಿದೇ ಉಳಿಯುತ್ತದೆ.

ಊರಿನ ಹಳೆಯ ವಿದ್ಯಾರ್ಥಿಗಳಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ಮನವಿ. ವಾರ್ಷಿಕೋತ್ಸವಕ್ಕೆ ಶಾಲೆಗೆ ಏನಾದರೂ ಕೊಡಬೇಕೆಂದು ಮನಸ್ಸಾದಾಗ ಗೆದ್ದ ಒಂದು ಟೀಮಿಗೆ ದೊಡ್ಡ ಟ್ರೋಫಿ ಕೊಡುವ ಬದಲು ಮೂರು ವಾಲಿಬಾಲ್, 20 ಮೀಟರ್ ಹಗ್ಗ, ಒಂದು ಗಾಳಿ ಪಂಪು, ಅದರ ಜೊತೆಗೆ ನಾಲ್ಕು ಸೂಜಿ ಕೊಡಿ. ಸೂಜಿಯನ್ನು ಮರೆಯಬೇಡಿ. ಅದೊಂದು ಮುರಿದುಹೋದರೆ ಒಳ್ಳೆಯ ಬಾಲುಗಳೂ ಗಾಳಿಯಿಲ್ಲದೆ ಬೀರುವಿನಲ್ಲಿ ಬಿದ್ದಿರುತ್ತವೆ.